ಮ್ಯಾನೇಜರ್ ಹೋದ ಮೇಲೂ ಉಳಿಯುವ ಕಮಿಷನ್

2000ದಲ್ಲಿ, ಭಾರತ ತಂಡಕ್ಕೆ ಆಗಷ್ಟೇ ಬಂದಿದ್ದ ವೇಗಿ ಜಹೀರ್ ಖಾನ್ ತಮ್ಮ ಜಾಹೀರಾತು ವ್ಯವಹಾರ ನೋಡಿಕೊಳ್ಳಲು ಪರ್ಸೆಪ್ಟ್ ಡಿಮಾರ್ಕ್ ಎಂಬ ಕಂಪನಿಯೊಡನೆ ಮೂರು ವರ್ಷದ ಕರಾರು ಮಾಡಿಕೊಂಡರು. 2003ರಲ್ಲಿ ಅವಧಿ ಮುಗಿಯಿತು. ಕರಾರು ಮುಂದುವರಿಸಲು ಅವರಿಗೆ ಇಷ್ಟವಿರಲಿಲ್ಲ. ಟೆನಿಸ್ ಆಟಗಾರ ಮಹೇಶ್ ಭೂಪತಿ ಕಟ್ಟಿದ ಗ್ಲೋಬೋಸ್ಪೋರ್ಟ್ ಕಡೆಗೆ ಹೊರಟರು. ಹಳೆಯ ಕಂಪನಿ ಕರಾರಿನ ಒಂದು ಷರತ್ತು ತೋರಿಸಿ ಕೋರ್ಟಿಗೆ ಹೋಯಿತು. ಬೇರೆಯವರು ಏನೇ ಕೊಡಲು ಬಂದರೂ ಆಟಗಾರ ಅದನ್ನು ಮೊದಲು ತನಗೆ ತಿಳಿಸಬೇಕು, ತಾನೂ ಅಷ್ಟೇ ಕೊಡಲು ಒಪ್ಪಿದರೆ ತನ್ನ ಬಳಿಯೇ ಉಳಿಯಬೇಕು ಎನ್ನುವುದು ಆ ಷರತ್ತು. ಬಾಂಬೆ ಹೈಕೋರ್ಟಿನಲ್ಲಿ ಮೊದಲು ಕಂಪನಿಯ ಪರ ತಡೆಯಾಜ್ಞೆ ಬಂತು, ಮೇಲ್ಮನವಿಯಲ್ಲಿ ಅದು ತೆರವಾಯಿತು. 2006ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟೂ ಆಟಗಾರನ ಪರವಾಗಿಯೇ ನಿಂತಿತು. ಅವಧಿ ಮುಗಿದ ಮೇಲೂ ಕಟ್ಟಿಹಾಕುವ ಷರತ್ತು ಭಾರತೀಯ ಕರಾರು ಕಾಯ್ದೆಯ 27ನೇ ಕಲಂಗೆ ವಿರುದ್ಧ ಎಂದಿತು. ನಂಬಿಕೆಯ ಮೇಲೆ ನಿಂತ ಇಂಥ ಸಂಬಂಧವನ್ನು ಒಬ್ಬರ ಇಷ್ಟಕ್ಕೆ ವಿರುದ್ಧವಾಗಿ ಹೇರಲಾಗದು ಎಂಬುದೂ ತೀರ್ಪಿನಲ್ಲಿತ್ತು.

ಈ ತೀರ್ಪನ್ನು ಕೇಳಿದ ಎಷ್ಟೋ ಕಲಾವಿದರು, ಆಟಗಾರರು ಮ್ಯಾನೇಜರ್‌ನನ್ನು ಯಾವಾಗ ಬೇಕಾದರೂ ಬಿಡಬಹುದು, ಆಮೇಲೆ ಏನೂ ಕೊಡಬೇಕಿಲ್ಲ ಎಂದುಕೊಳ್ಳುತ್ತಾರೆ. ಮೊದಲನೆಯದು ಅರ್ಧ ಸರಿ, ಎರಡನೆಯದು ತಪ್ಪು. ಮುಂದಿನ ದುಡಿಮೆಗೆ ಅಡ್ಡ ನಿಲ್ಲುವ ಷರತ್ತು ಬೇರೆ, ಆಗಲೇ ತಂದುಕೊಟ್ಟ ಕೆಲಸದ ಕಮಿಷನ್ ಬೇರೆ. ಜಹೀರ್ ಪ್ರಕರಣದಲ್ಲಿ ಬಿದ್ದುಹೋದದ್ದು ಮೊದಲ ಬಗೆಯದು. ತಿಂಗಳುಗಟ್ಟಲೆ ಓಡಾಡಿ ಮೂರು ವರ್ಷದ ಜಾಹೀರಾತು ಕುದುರಿಸಿದ ಮ್ಯಾನೇಜರ್‌ಗೆ ಮೊದಲ ಕಂತು ಬಂದ ಕೂಡಲೇ ಕೈ ಕೊಟ್ಟರೆ ಅದು ಅನ್ಯಾಯ ಎಂದೇ ನನ್ನ ಭಾವನೆ. ಆದರೆ ಆ ಹಕ್ಕಿಗೂ ಒಂದು ಕೊನೆ ಇರಬೇಕು. ಕೊನೆ ಎಲ್ಲಿ ಎಂಬುದನ್ನು ಕರಾರೇ ಹೇಳಬೇಕು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಮೈಸೂರಿನ ಒಬ್ಬ ಬ್ಯಾಡ್ಮಿಂಟನ್ ಆಟಗಾರ್ತಿ ಮ್ಯಾನೇಜರ್ ಒಬ್ಬರ ಜೊತೆ ಐದು ವರ್ಷದ ಕರಾರು ಮಾಡಿಕೊಂಡಿದ್ದಾಳೆ. ಜಾಹೀರಾತಿನ ಹಣದಲ್ಲಿ ಅವರಿಗೆ ಶೇ 20, ಪಂದ್ಯದ ಬಹುಮಾನದಲ್ಲಿ ಏನೂ ಇಲ್ಲ. ಎರಡು ವರ್ಷ ಕಳೆದ ಮೇಲೆ ಇಬ್ಬರಲ್ಲಿ ಯಾರು ಬೇಕಾದರೂ 60 ದಿನದ ಲಿಖಿತ ನೋಟಿಸ್ ಕೊಟ್ಟು ಕರಾರು ಮುಗಿಸಬಹುದು. ಆಕೆಯ ನೋಟಿಸ್ 2025ರ ಆಗಸ್ಟ್ 1ರಂದು ಮ್ಯಾನೇಜರ್‌ಗೆ ತಲುಪುತ್ತದೆ. ಮರುದಿನದಿಂದ ಎಣಿಸಿದರೆ ಕರಾರು ಮುಗಿಯುವುದು ಸೆಪ್ಟೆಂಬರ್ 30ಕ್ಕೆ.

‘ತಲುಪುತ್ತದೆ’ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಸಿಟ್ಟಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ‘ಇನ್ನು ನನಗೂ ನಿಮಗೂ ಸಂಬಂಧವಿಲ್ಲ’ ಎಂದು ಬರೆದು ಸುಮ್ಮನಾಗುವವರು ಬಹಳ. ನೋಟಿಸ್ ಅಂಚೆಯಲ್ಲಿ, ಇಂಥ ವಿಳಾಸಕ್ಕೇ ಹೋಗಬೇಕು ಎಂದು ಕರಾರು ಹೇಳಿದ್ದರೆ ಆ ಸಂದೇಶದಿಂದ 60 ದಿನದ ಎಣಿಕೆ ಶುರುವೇ ಆಗಲಿಲ್ಲ ಎಂದು ಎದುರಿನವರು ವಾದಿಸಬಹುದು. ತಲುಪಿದ ರಸೀದಿ ಇಟ್ಟುಕೊಂಡರೆ ಈ ಜಗಳವೇ ಇಲ್ಲ. ಕರಾರಿನಲ್ಲಿ ನೋಟಿಸಿನ ಮಾತೇ ಇಲ್ಲದಿದ್ದರೂ ಏಜೆಂಟನನ್ನು ಬಿಡುವ ಮೊದಲು ತಕ್ಕಷ್ಟು ಮುನ್ಸೂಚನೆ ಕೊಡಬೇಕು, ಕೊಡದಿದ್ದರೆ ಆದ ನಷ್ಟ ತುಂಬಬೇಕು ಎಂದು ಕರಾರು ಕಾಯ್ದೆಯ 206ನೇ ಕಲಂ ಹೇಳುತ್ತದೆ. ಇಷ್ಟು ವರ್ಷ ಎಂದು ಗೊತ್ತುಮಾಡಿಕೊಂಡು, ನಡುವೆ ಬಿಡುವ ಅವಕಾಶವನ್ನೂ ಇಟ್ಟುಕೊಳ್ಳದೆ, ಸಾಕಷ್ಟು ಕಾರಣವಿಲ್ಲದೆ ಬಿಟ್ಟರೆ 205ನೇ ಕಲಂ ಪ್ರಕಾರ ಪರಿಹಾರ ಕೊಡಬೇಕಾಗುತ್ತದೆ.

ಈಗ ಕಮಿಷನ್ನಿನ ಲೆಕ್ಕ. ಆ ವರ್ಷದ ಏಪ್ರಿಲ್‌ನಲ್ಲಿ ಮ್ಯಾನೇಜರ್ ಒಂದು ಶೂ ಕಂಪನಿಯ ಒಪ್ಪಂದ ತಂದಿದ್ದರು. 2028ರ ಮಾರ್ಚ್‌ವರೆಗೆ ವರ್ಷಕ್ಕೆ 12 ಲಕ್ಷ ರೂಪಾಯಿ, ಪ್ರತಿ ಮೂರು ತಿಂಗಳ ಕೊನೆಗೆ 3 ಲಕ್ಷದ ಕಂತು. ಸೆಪ್ಟೆಂಬರ್ 30ರೊಳಗೆ 6 ಲಕ್ಷ ಬಂದಿದೆ, ಇನ್ನೂ 30 ಲಕ್ಷ ಬರಬೇಕು. ‘ಅವಧಿಯಲ್ಲಿ ಸಹಿಯಾದ ಎಲ್ಲ ಒಪ್ಪಂದಗಳ ಆದಾಯದಲ್ಲಿ ಕಮಿಷನ್’ ಎಂದಷ್ಟೇ ಬರೆದಿದ್ದರೆ ಪೂರ್ತಿ 30 ಲಕ್ಷದ ಶೇ 20, ಅಂದರೆ 6 ಲಕ್ಷ, ಹಳೆಯ ಮ್ಯಾನೇಜರ್‌ಗೆ ಹೋಗುತ್ತದೆ. ನಮ್ಮ ಆಟಗಾರ್ತಿಯ ಕರಾರಿನಲ್ಲಿ ಇಳಿಕೆಯ ಷರತ್ತು ಇದೆ: ಬಿಟ್ಟ ಮೇಲೆ ಮೊದಲ 12 ತಿಂಗಳು ಶೇ 20, ಮುಂದಿನ 12 ತಿಂಗಳು ಶೇ 10, ಆಮೇಲೆ ಏನೂ ಇಲ್ಲ. ಮೊದಲ ವರ್ಷದ 12 ಲಕ್ಷಕ್ಕೆ 2.40 ಲಕ್ಷ, ಎರಡನೆಯ ವರ್ಷಕ್ಕೆ 1.20 ಲಕ್ಷ, ಕೊನೆಯ 6 ಲಕ್ಷಕ್ಕೆ ಸೊನ್ನೆ. ಒಟ್ಟು 3.60 ಲಕ್ಷ.

ಇಲ್ಲೂ ಒಂದು ಸಣ್ಣ ಸಂದಿ ಇದೆ. 2026ರ ಸೆಪ್ಟೆಂಬರ್ ಕಂತನ್ನು ಶೂ ಕಂಪನಿ ತಡಮಾಡಿ ಅಕ್ಟೋಬರ್‌ನಲ್ಲಿ ಕೊಟ್ಟಿತು ಎನ್ನಿ. ಹಣ ಬರಬೇಕಿದ್ದ ದಿನ ಹಿಡಿದರೆ ಕಮಿಷನ್ 60,000, ಬಂದ ದಿನ ಹಿಡಿದರೆ 30,000. ಯಾವ ದಿನವನ್ನು ಹಿಡಿಯಬೇಕು ಎಂದು ಒಂದು ಸಾಲಿನಲ್ಲಿ ಬರೆದಿಟ್ಟರೆ ಮುಗಿಯಿತು.

ನಿಜವಾದ ಜಗಳ ಹುಟ್ಟುವುದು ಅರ್ಧಕ್ಕೆ ನಿಂತ ಮಾತುಕತೆಗಳಲ್ಲಿ. ಜೂನ್‌ನಲ್ಲಿ ಒಂದು ಆರೋಗ್ಯ ಪೇಯದ ಕಂಪನಿಯನ್ನು ಪರಿಚಯಿಸಿದ್ದು ಮ್ಯಾನೇಜರ್. ಮೊತ್ತದ ಬಗ್ಗೆ ಮೇಲ್‌ಗಳೂ ಓಡಾಡಿದ್ದವು. ಸಹಿಯಾದದ್ದು ನವೆಂಬರ್‌ನಲ್ಲಿ, ಕರಾರು ಮುಗಿದ ಮೇಲೆ. ಸಹಿಯ ದಿನವನ್ನೇ ನೋಡಿದರೆ ಮ್ಯಾನೇಜರ್‌ಗೆ ಏನೂ ಇಲ್ಲ. ಹಾಗಾದರೆ ಆಟಗಾರ್ತಿ ಬೇಕೆಂದೇ ಸಹಿ ಮುಂದೂಡಿ ಕಮಿಷನ್ ತಪ್ಪಿಸಿಕೊಳ್ಳಬಹುದು. ‘ಪರಿಚಯಿಸಿದ ಎಲ್ಲರಿಂದ’ ಎಂದು ಬರೆದರೆ ಎಂದೋ ಒಮ್ಮೆ ಕಾಫಿ ಕುಡಿದ ಕಂಪನಿಯ ಹೆಸರಿನಲ್ಲೂ ಮ್ಯಾನೇಜರ್ ಹಣ ಕೇಳಬಹುದು. ನನಗೆ ಸರಿ ಕಾಣುವ ದಾರಿ ಇದು: ನೋಟಿಸ್ ಬಂದ ಹತ್ತು ದಿನದೊಳಗೆ, ಮೊತ್ತದ ಮಾತಿನವರೆಗೆ ಬಂದಿರುವ ಕಂಪನಿಗಳ ಪಟ್ಟಿಯನ್ನು ಮ್ಯಾನೇಜರ್ ಮೇಲ್‌ಗಳ ಸಮೇತ ಕೊಡಬೇಕು. ಆ ಪಟ್ಟಿಯವರ ಜೊತೆ 90 ದಿನದೊಳಗೆ ಸಹಿಯಾದರೆ ಕಮಿಷನ್ ಉಂಟು, ಪಟ್ಟಿಯಲ್ಲಿಲ್ಲದ್ದಕ್ಕೆ ಇಲ್ಲ. ಹೀಗಿದ್ದರೆ ಪೇಯದ ಕಂಪನಿಯ ಕಮಿಷನ್ ಮ್ಯಾನೇಜರ್‌ಗೆ ಸಲ್ಲುತ್ತದೆ.

ನವೀಕರಣವನ್ನೂ ಬಿಡಿಸಿ ಬರೆಯಬೇಕು. 2028ರಲ್ಲಿ ಹೊಸ ಮ್ಯಾನೇಜರ್ ಅದೇ ಶೂ ಕಂಪನಿಯಿಂದ ವರ್ಷಕ್ಕೆ 20 ಲಕ್ಷದ ಒಪ್ಪಂದ ಮಾಡಿಸಿದರೆ ಅದು ಹಳಬರ ಬೆವರಲ್ಲ. ಕರಾರಿನಲ್ಲಿ ‘ನವೀಕರಣ, ವಿಸ್ತರಣೆ ಸೇರಿದಂತೆ’ ಎಂಬ ಮಾತು ನುಸುಳಿದ್ದರೆ ಮಾತ್ರ ಹಳಬರೂ ಕೈ ಚಾಚುತ್ತಾರೆ.

ಹಣ ಹೋಗುವ ದಾರಿ ಬದಲಿಸುವುದನ್ನು ಮರೆಯುವವರೂ ಇದ್ದಾರೆ. ಶೂ ಕಂಪನಿಯ ಕಂತು ಮ್ಯಾನೇಜರ್ ಖಾತೆಗೆ ಬಂದು, ಕಮಿಷನ್ ಕಳೆದು ಆಟಗಾರ್ತಿಗೆ ತಲುಪುತ್ತಿದ್ದರೆ, ಕರಾರು ಮುಗಿದ ಮೇಲೂ ಕಂಪನಿ ಅಲ್ಲಿಗೇ ಕಳಿಸುತ್ತಿರುತ್ತದೆ. ಏಜೆಂಟನ ಅಧಿಕಾರ ಮುಗಿದದ್ದು ಮೂರನೆಯವರಿಗೆ ಲೆಕ್ಕಕ್ಕೆ ಬರುವುದು ಅವರಿಗೆ ಅದು ಗೊತ್ತಾದ ಮೇಲೆಯೇ ಎನ್ನುತ್ತದೆ 208ನೇ ಕಲಂ. ಅಲ್ಲಿಯವರೆಗೆ ಹಳೆಯ ಮ್ಯಾನೇಜರ್ ಆಕೆಯ ಪರವಾಗಿ ಒಪ್ಪಿದ ಜಾಹೀರಾತಿಗೆ ಆಕೆಯೇ ಹೊಣೆಯಾಗುವ ಅಪಾಯವಿದೆ. ಹಾಗಾಗಿ ನೋಟಿಸಿನ ಅವಧಿಯಲ್ಲೇ ಪ್ರತಿ ಬ್ರ್ಯಾಂಡಿಗೂ ಪತ್ರ ಹೋಗಬೇಕು: ಇಂಥ ದಿನದಿಂದ ಇವರಿಗೆ ಅಧಿಕಾರವಿಲ್ಲ, ಹಣ ಈ ಖಾತೆಗೆ ಬರಲಿ. ಪವರ್ ಆಫ್ ಅಟಾರ್ನಿ ಕೊಟ್ಟಿದ್ದರೆ ಅದನ್ನು ಬೇರೆಯಾಗಿ ರದ್ದುಮಾಡಬೇಕು. ಅಂದಿನಿಂದ ಪ್ರತಿ ಕಂತಿನ ಲೆಕ್ಕ ಕೊಟ್ಟು ಹಳಬರ ಪಾಲು ಕಳಿಸುವ ಹೊಣೆ ಆಟಗಾರ್ತಿಯದು.

ಹೊಸ ಮ್ಯಾನೇಜರ್ ಜೊತೆ ಸಹಿ ಹಾಕುವಾಗ ಹಳೆಯ ಒಪ್ಪಂದಗಳ ಪಟ್ಟಿಯನ್ನು ಅವರ ಮುಂದೆ ಇಟ್ಟು, ಅವುಗಳ ಆದಾಯದಲ್ಲಿ ನಿಮಗೆ ಪಾಲಿಲ್ಲ ಎಂದು ಬರೆಸಿಕೊಳ್ಳಬೇಕು. ‘ಎಲ್ಲ ಜಾಹೀರಾತು ಆದಾಯದಲ್ಲಿ ಶೇ 20’ ಎಂದು ಹೊಸ ಕರಾರಿನಲ್ಲೂ ಇದ್ದರೆ, ಮೊದಲ ವರ್ಷ ಶೂ ಕಂಪನಿಯ 3 ಲಕ್ಷದ ಪ್ರತಿ ಕಂತಿನಿಂದ ಇಬ್ಬರಿಗೂ ತಲಾ 60,000 ಹೋಗುತ್ತದೆ.