ಮೊದಲು ನಟ್, ಆಮೇಲೆ ಸ್ವಿಚ್

ಐಟಿಐ ಫಿಟ್ಟರ್ ವಿಭಾಗದ ಹೊಸ ಬ್ಯಾಚು ಮೊದಲ ಸಲ ವರ್ಕ್‌ಶಾಪಿನೊಳಗೆ ಕಾಲಿಡುವ ದಿನ ಪಾಠ ಶುರುವಾಗುವುದು ಮೈಮೇಲಿನ ವಸ್ತುಗಳಿಂದ. ಉಂಗುರ, ವಾಚು, ಕೊರಳಿನ ಸರ ಬಾಗಿಲ ಬಳಿಯೇ ಕಳಚಬೇಕು. ಐಡಿ ಕಾರ್ಡಿನ ಟ್ಯಾಗು ಜೇಬಿಗೆ ಹೋಗಬೇಕು. ಹುಡುಗಿಯರು ಜಡೆಯನ್ನು ಎತ್ತಿ ಕಟ್ಟಿ ಕ್ಯಾಪಿನೊಳಗೆ ಸೇರಿಸಬೇಕು. ಕೊನೆಗೆ ಉಳಿಯುವುದು ಮಣಿಕಟ್ಟಿಗೆ ಕಟ್ಟಿದ ದೇವರ ದಾರ. ಹಿರಿಯ ತರಬೇತುದಾರರೊಬ್ಬರು ಅದಕ್ಕೆ ಹೇಳುವ ಮಾತು ಇಷ್ಟು: "ದಾರ ತೆಗೆಯೋಕೆ ಮನಸ್ಸಿಲ್ಲದಿದ್ದರೆ ತೋಳಿನ ಮೇಲ್ಭಾಗಕ್ಕೆ ಕಟ್ಟಿಕೊಂಡು ಬಾ. ಮಣಿಕಟ್ಟಿನಲ್ಲಿದ್ದರೆ ಡ್ರಿಲ್ ಅದನ್ನ ಸುತ್ತಿಕೊಳ್ಳುತ್ತೆ, ಜೊತೆಗೆ ಕೈಯನ್ನೂ ಎಳೆದುಕೊಳ್ಳುತ್ತೆ."

ಇದಾದ ಮೇಲೆ ಅವರ ಸ್ವಾಗತ ಭಾಷಣ. ಅರ್ಧ ಗಂಟೆಯ ಆ ಮಾತಿನಲ್ಲಿ ಸಂಸ್ಥೆಯ ಇತಿಹಾಸ ಇರುವುದಿಲ್ಲ, ನೌಕರಿಯ ಆಸೆ ತೋರಿಸುವುದೂ ಇಲ್ಲ. ಮೇಜಿನ ಮೇಲೆ ಎರಡು ಬೋಲ್ಟು, ಒಂದು ಸ್ಪ್ಯಾನರ್, 4 ಇಂಚಿನ ಆ್ಯಂಗಲ್ ಗ್ರೈಂಡರ್ ಇರುತ್ತವೆ. ಗ್ರೈಂಡರಿನ ಪ್ಲಗ್ ಕಿತ್ತು ಎಲ್ಲರಿಗೂ ಕಾಣುವಂತೆ ಮುಂದೆ ಇಟ್ಟಿರುತ್ತಾರೆ. ಯಂತ್ರದಲ್ಲಿ ತಿರುಗುವ ಭಾಗವನ್ನು ಹಿಡಿದಿಟ್ಟಿರುವುದು ಕೊನೆಗೂ ಒಂದು ನಟ್ಟೋ ಸ್ಕ್ರೂವೋ ಆಗಿರುತ್ತದೆ. ಅದನ್ನು ಸರಿಯಾಗಿ ಕೂರಿಸಲು ಬಾರದವನ ಕೈಗೆ ಯಂತ್ರ ಕೊಡಬಾರದು ಎಂಬುದು ಅವರ ಲೆಕ್ಕ.

ಮೊದಲು ಸ್ಪ್ಯಾನರ್. ನಟ್ಟಿಗಿಂತ ಒಂದು ಮಿಲಿಮೀಟರ್ ದೊಡ್ಡ ಸ್ಪ್ಯಾನರ್ ಹಾಕಿದರೂ ಅದು ಕೂತಂತೆಯೇ ಕಾಣುತ್ತದೆ. ಬಲ ಹಾಕಿದಾಗ ಮಾತ್ರ ನಟ್ಟಿನ ಮೂಲೆಗಳ ಮೇಲೆ ಜಾರುತ್ತದೆ, ಮೂಲೆಗಳು ಸವೆದು ದುಂಡಗಾಗುತ್ತವೆ. ನಮ್ಮಲ್ಲಿ ಈ ಗೊಂದಲ ಹೆಚ್ಚು. 10 ಮಿಲಿಮೀಟರ್ ಬೋಲ್ಟಿನ ತಲೆಗೆ ಹಳೆಯ ಅಳತೆಯಲ್ಲಿ 17ರ ಸ್ಪ್ಯಾನರ್ ಬೇಕು, ಹೊಸ ಅಂತರರಾಷ್ಟ್ರೀಯ ಅಳತೆಯಲ್ಲಿ 16ರದ್ದು. ಎರಡೂ ಬಗೆಯ ಬೋಲ್ಟುಗಳು ಒಂದೇ ಡಬ್ಬಿಯಲ್ಲಿ ಬೆರೆತು ಸಿಗುತ್ತವೆ. ಹಾಗಾಗಿ ಬಾಯಿ ತೆರೆದ ಸ್ಪ್ಯಾನರಿಗಿಂತ ರಿಂಗ್ ಸ್ಪ್ಯಾನರ್ ಮೇಲು. ಅದು ನಟ್ಟನ್ನು ಸುತ್ತಲೂ ಹಿಡಿಯುವುದರಿಂದ ಅಳತೆ ತಪ್ಪಿದ್ದರೆ ಆಗಲೇ ಗೊತ್ತಾಗುತ್ತದೆ.

ಬಿಗಿಯುವಾಗ ಸ್ಪ್ಯಾನರನ್ನು ತನ್ನ ಕಡೆಗೆ ಎಳೆಯಬೇಕು, ಆಚೆ ತಳ್ಳಬಾರದು. ತಳ್ಳುವಾಗ ಮೈಭಾರವೆಲ್ಲ ಕೈಯ ಹಿಂದಿರುತ್ತದೆ. ಸ್ಪ್ಯಾನರ್ ಜಾರಿದರೆ ಬೆರಳ ಗೆಣ್ಣುಗಳು ನೇರ ಕಬ್ಬಿಣದ ಅಂಚಿಗೆ ಹೋಗಿ ಬಡಿಯುತ್ತವೆ. ಜಾಗವಿಲ್ಲದೆ ತಳ್ಳಲೇಬೇಕಾಗಿ ಬಂದರೆ ಬೆರಳು ಬಿಚ್ಚಿ ಅಂಗೈಯಿಂದ ಒತ್ತಬೇಕು. ನಟ್ಟನ್ನು ಮೊದಲ ಎರಡು ಮೂರು ಸುತ್ತು ಬೆರಳಿನಿಂದಲೇ ತಿರುಗಿಸಬೇಕು. ಬೆರಳಿಗೆ ತಿರುಗದಿದ್ದರೆ ಥ್ರೆಡ್ ಓರೆಯಾಗಿ ಕೂತಿದೆ ಎಂದೇ ಅರ್ಥ. ಅಲ್ಲಿ ಸ್ಪ್ಯಾನರ್ ಹಾಕಿದರೆ ನಟ್ಟೂ ಬೋಲ್ಟೂ ಎರಡೂ ಹಾಳು.

ಮೇಜಿನ ಮೇಲಿನ ಎರಡು ಬೋಲ್ಟುಗಳನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಉದ್ದ, ದಪ್ಪ, ಬಣ್ಣ ಎಲ್ಲ ಒಂದೇ. ವ್ಯತ್ಯಾಸ ಇರುವುದು ತಲೆಯ ಮೇಲೆ. ಒಂದರಲ್ಲಿ 4.6 ಎಂದು ಕೆತ್ತಿದೆ, ಇನ್ನೊಂದರಲ್ಲಿ 8.8. ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ ಒಂದು ಚದರ ಮಿಲಿಮೀಟರ್ ಉಕ್ಕು ತುಂಡಾಗುವ ಮುಂಚೆ ಎಷ್ಟು ನ್ಯೂಟನ್ ಎಳೆತ ತಡೆಯುತ್ತದೆ ಎಂಬುದು ಸಿಗುತ್ತದೆ. ಆ ಎಳೆತದ ಎಷ್ಟು ಭಾಗಕ್ಕೇ ಬೋಲ್ಟು ಹಿಗ್ಗಿ, ಮತ್ತೆ ಮೊದಲಿನಂತಾಗದೆ ಉಳಿಯುತ್ತದೆ ಎಂಬುದನ್ನು ಚುಕ್ಕಿಯ ನಂತರದ ಅಂಕಿ ಹೇಳುತ್ತದೆ. 4.6ರಲ್ಲಿ ಹತ್ತರಲ್ಲಿ ಆರು ಭಾಗ, 8.8ರಲ್ಲಿ ಎಂಟು ಭಾಗ. 10 ಮಿಲಿಮೀಟರ್ ಬೋಲ್ಟಿಗೆ ಲೆಕ್ಕ ಹಾಕಿದರೆ 4.6ರದ್ದು ಸುಮಾರು 1.4 ಟನ್ ಎಳೆತಕ್ಕೆ ಹಿಗ್ಗಿ ಕೂರುತ್ತದೆ, 8.8ರದ್ದು 3.8 ಟನ್ ತನಕ ತಾಳುತ್ತದೆ.

"ಡಬ್ಬಿಯಲ್ಲಿ ಸಿಕ್ಕಿದ್ದನ್ನ ಹಾಕಿದೆ ಸರ್ ಅಂತ ನನ್ನ ಹತ್ತಿರ ಹೇಳಬೇಡಿ," ಎನ್ನುತ್ತಾರೆ ಅವರು. "ಬಿಚ್ಚಿದ ಬೋಲ್ಟಿನ ತಲೆ ಮೇಲೆ ಏನಿತ್ತೋ ಅದೇ ನಂಬರಿನದ್ದು ವಾಪಸ್ ಹೋಗಬೇಕು. ತಲೆ ಮೇಲೆ ಏನೂ ಬರೆದಿಲ್ಲದ ಬೋಲ್ಟು ಯಂತ್ರದ ಹತ್ತಿರಕ್ಕೂ ಬರಬಾರದು."

ಹಿಗ್ಗಿದ ಬೋಲ್ಟನ್ನು ಗುರುತಿಸುವ ಬಗೆಯನ್ನೂ ಅಲ್ಲೇ ತೋರಿಸುತ್ತಾರೆ. ಹೊಸ ಬೋಲ್ಟನ್ನು ಹಳೆಯದರ ಪಕ್ಕಕ್ಕೆ ಥ್ರೆಡ್ಡಿಗೆ ಥ್ರೆಡ್ ಸೇರುವಂತೆ ಒತ್ತಿ, ಬೆಳಕಿಗೆ ಹಿಡಿಯಬೇಕು. ಹಳೆಯದು ಹಿಗ್ಗಿದ್ದರೆ ಕೆಲವು ಥ್ರೆಡ್ ಆದ ಮೇಲೆ ಹೊಂದಿಕೆ ತಪ್ಪಿ ನಡುವೆ ಬೆಳಕು ಕಾಣುತ್ತದೆ. ಬಿಗಿಯುವಾಗಲೂ ಒಂದು ಸೂಚನೆ ಸಿಗುತ್ತದೆ. ಬಿಗಿಯಾಗುತ್ತಾ ಬಂದ ನಟ್ಟು ಇದ್ದಕ್ಕಿದ್ದಂತೆ ಹಗುರವಾಗಿ ತಿರುಗತೊಡಗಿದರೆ ಬೋಲ್ಟು ಎಳೆದುಕೊಳ್ಳುತ್ತಿದೆ ಅಥವಾ ಥ್ರೆಡ್ ಕಿತ್ತುಬರುತ್ತಿದೆ. ಅಲ್ಲೇ ನಿಲ್ಲಿಸಿ, ಬಿಚ್ಚಿ, ಆ ಬೋಲ್ಟನ್ನು ಗುಜರಿಗೆ ಹಾಕಬೇಕು. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಬಿಗಿಯುವ ಅಭ್ಯಾಸ ಅಪಾಯವಾಗುವುದು ಇದಕ್ಕೇ. ಉದ್ದ ಹಿಡಿಯಿಂದ ಬಲ ಹೆಚ್ಚುತ್ತದೆ, ಆದರೆ ಬೋಲ್ಟು ಎಲ್ಲಿ ಸೋತಿತು ಎಂಬುದು ಕೈಗೆ ತಿಳಿಯುವುದಿಲ್ಲ.

ನಂತರ ಗ್ರೈಂಡರ್. ವೆಲ್ಡಿಂಗ್ ಅಂಗಡಿ, ಗೇಟು ಮಾಡುವವರ ಶೆಡ್ಡು, ಟೈಲ್ಸ್ ಕೆಲಸ, ಎಲ್ಲಿ ನೋಡಿದರೂ ಇದೇ ಯಂತ್ರ. ಎಷ್ಟೋ ಕಡೆ ಇದರ ಗಾರ್ಡ್ ಕಳಚಿ ಮೂಲೆಗೆ ಎಸೆದಿರುತ್ತಾರೆ. ಗಾರ್ಡ್ ಇದ್ದರೆ ದೊಡ್ಡ ವೀಲ್ ಕೂರುವುದಿಲ್ಲ ಎಂಬುದು ಅದಕ್ಕೆ ಕೊಡುವ ಒಂದು ಕಾರಣ. ಭಾಷಣದ ನಡುಭಾಗವೆಲ್ಲ ಈ ಒಂದು ತಪ್ಪಿನ ಲೆಕ್ಕಕ್ಕೆ ಮೀಸಲು.

4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅದರ ವೀಲಿನ ಅಂಚು ಆಗ ಗಂಟೆಗೆ ಸುಮಾರು 207 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಇಂಥ ವೀಲುಗಳಿಗೆ ಸಾಮಾನ್ಯವಾಗಿ ನಿಗದಿಯಾಗಿರುವ ಗರಿಷ್ಠ ಅಂಚಿನ ವೇಗ ಸೆಕೆಂಡಿಗೆ 80 ಮೀಟರ್, ಅಂದರೆ ಗಂಟೆಗೆ 288 ಕಿಲೋಮೀಟರ್. ಇಲ್ಲಿಯತನಕ ಎಲ್ಲ ಸರಿ. ಈಗ ಅದೇ ಯಂತ್ರಕ್ಕೆ 7 ಇಂಚಿನ ವೀಲ್ ಹಾಕಿದರೆ ಸುತ್ತು ಅಷ್ಟೇ ಇದ್ದರೂ ಅಂಚು ಹೆಚ್ಚು ದೂರ ಓಡಬೇಕು. ವೇಗ ಗಂಟೆಗೆ 370 ಕಿಲೋಮೀಟರ್ ದಾಟುತ್ತದೆ. ಆ ದೊಡ್ಡ ವೀಲಿನ ಮೇಲೆ 8,500 ಸುತ್ತೇ ಗರಿಷ್ಠ ಎಂದು ಅಚ್ಚಾಗಿರುತ್ತದೆ. 11,000ಕ್ಕೆ ತಿರುಗಿಸಿದಾಗ ಅದನ್ನು ಹೊರಕ್ಕೆ ಸೀಳುವ ಬಲ ಅನುಮತಿಸಿದ್ದಕ್ಕಿಂತ ಒಂದೂವರೆ ಪಟ್ಟು ಮೀರುತ್ತದೆ, ಏಕೆಂದರೆ ಆ ಬಲ ಏರುವುದು ವೇಗದ ವರ್ಗಕ್ಕೆ ತಕ್ಕಂತೆ.

ತಪ್ಪು ಅಷ್ಟಕ್ಕೇ ನಿಲ್ಲುವುದಿಲ್ಲ. ಚಿಕ್ಕ ವೀಲಿನ ನಡುವಿನ ತೂತು 16 ಮಿಲಿಮೀಟರ್, ದೊಡ್ಡದರದ್ದು 22. ಆ ಸಂದು ತುಂಬಲು ಬುಶ್ಶೋ ತಗಡಿನ ಸುರುಳಿಯೋ ಸೇರಿಸುತ್ತಾರೆ. ವೀಲ್ ಕೂದಲೆಳೆಯಷ್ಟು ಪಕ್ಕಕ್ಕೆ ಕೂತರೂ ಯಂತ್ರ ಅದುರುತ್ತದೆ. ಅದುರಿದಾಗ ನಟ್ಟು ಸಡಿಲವಾಗುತ್ತದೆ, ವೀಲಿನಲ್ಲಿ ಬಿರುಕು ಮೂಡುತ್ತದೆ. ಒಡೆದ ಚೂರನ್ನು ತಡೆಯಬೇಕಿದ್ದ ಗಾರ್ಡನ್ನು ಮೊದಲೇ ತೆಗೆದಿಟ್ಟಾಗಿದೆ.

ವೀಲ್ ಬದಲಿಸುವುದನ್ನು ಅವರು ನಿಧಾನವಾಗಿ ಮಾಡಿ ತೋರಿಸುತ್ತಾರೆ. ಪ್ಲಗ್ ಕಿತ್ತಿದೆಯೇ ನೋಡು. ವೀಲಿನ ಮೇಲಿನ ಸುತ್ತಿನ ಸಂಖ್ಯೆ ಯಂತ್ರದ ಸಂಖ್ಯೆಗಿಂತ ಹೆಚ್ಚಿದೆಯೇ ಓದು. ನಡುವಿನ ಲೋಹದ ಬಳೆಯ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಅಚ್ಚಾಗಿರುತ್ತದೆ, ಅದನ್ನೂ ಓದು. ಬೆಂಚ್ ಗ್ರೈಂಡರಿನ ದಪ್ಪ ಕಲ್ಲಾದರೆ, ಮಡಕೆ ಕೊಳ್ಳುವವರು ಬಡಿದು ನೋಡುವಂತೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಬಿರುಕು ಬಿಟ್ಟಿದ್ದರೆ ಮಂಕಾದ ಸದ್ದು. ತೆಳುವಾದ ಕಟಿಂಗ್ ವೀಲಿಗೆ ಈ ಪರೀಕ್ಷೆ ನಡೆಯದು. ಅದರ ಅಂಚನ್ನು ಬೆಳಕಿಗೆ ಹಿಡಿದು ಚಕ್ಕೆ ಎದ್ದಿದೆಯೇ, ಬಳುಕಿದೆಯೇ, ತೇವ ತಾಗಿದೆಯೇ ಎಂದು ನೋಡಬೇಕು.

ನಟ್ಟಿನ ಎರಡು ಮುಖ ಇಲ್ಲಿ ಮುಖ್ಯ. ಒಂದು ಮುಖ ಚಪ್ಪಟೆ, ಇನ್ನೊಂದರಲ್ಲಿ ನಡುವೆ ಉಬ್ಬು ಇರುತ್ತದೆ. ದಪ್ಪ ಗ್ರೈಂಡಿಂಗ್ ವೀಲಾದರೆ ಉಬ್ಬು ವೀಲಿನ ಕಡೆಗೆ, ತೆಳು ಕಟಿಂಗ್ ವೀಲಾದರೆ ಚಪ್ಪಟೆ ಮುಖ ವೀಲಿನ ಕಡೆಗೆ. ತೆಳು ವೀಲಿಗೆ ಉಬ್ಬು ಒಳಗೆ ಮಾಡಿ ಹಾಕಿದರೆ ನಟ್ಟು ಬಿಗಿಯಾದಂತೆ ಅನಿಸಿದರೂ ವೀಲ್ ಸಡಿಲವಾಗಿಯೇ ಉಳಿಯುತ್ತದೆ. ಪಿನ್ ಸ್ಪ್ಯಾನರಿನಿಂದ ಹದವಾಗಿ ಬಿಗಿದರೆ ಸಾಕು. ವೀಲ್ ತಿರುಗುವ ದಿಕ್ಕು ನಟ್ಟನ್ನು ಬಿಗಿಯುವ ಕಡೆಗೇ ಇರುತ್ತದೆ. ಬೆಂಚ್ ಗ್ರೈಂಡರಿನ ಎಡಗಡೆಯ ಕಲ್ಲಿಗೆ ಎಡಗೈ ಥ್ರೆಡ್ ಕೊಟ್ಟಿರುವುದೂ ಇದೇ ಕಾರಣಕ್ಕೆ. ಗೊತ್ತಿಲ್ಲದವರು ಅದನ್ನು ಬಿಚ್ಚಲು ಹೋಗಿ ಇನ್ನಷ್ಟು ಬಿಗಿಯುತ್ತಾರೆ.

ಕೂರಿಸಿದ ಮೇಲೆ ಕೈಯಿಂದ ಒಂದು ಸುತ್ತು ತಿರುಗಿಸಿ, ಗಾರ್ಡಿಗೆ ತಾಗದಿದ್ದರೆ ಪ್ಲಗ್ ಹಾಕಿ ಒಂದು ನಿಮಿಷ ಖಾಲಿ ಓಡಿಸಬೇಕು. ಆಗ ವೀಲಿನ ನೇರಕ್ಕೆ ಯಾರೂ ನಿಂತಿರಬಾರದು. ಅದುರು ಕಂಡರೆ ನಿಲ್ಲಿಸು, ಬಿಚ್ಚು, ಮತ್ತೆ ನೋಡು. ಕತ್ತರಿಸುವಾಗ ಜಾಬನ್ನು ವೈಸಿನಲ್ಲಿ ಹಿಡಿದು, ತುಂಡಾಗಿ ಬೀಳುವ ತುದಿಯನ್ನು ಹೊರಗೆ ಬಿಡಬೇಕು. ಎರಡೂ ತುದಿಗೆ ಆಸರೆ ಕೊಟ್ಟು ನಡುವೆ ಕತ್ತರಿಸಿದರೆ ಕೊಯ್ದ ಸಂದು ಮುಚ್ಚಿಕೊಂಡು ವೀಲನ್ನು ಕಚ್ಚುತ್ತದೆ. ಆ ಕ್ಷಣ ಯಂತ್ರವೇ ಕೈಯಿಂದ ಹಾರುತ್ತದೆ.

ಕರ್ನಾಟಕದ ಸಣ್ಣ ಊರುಗಳ ಶೆಡ್ಡುಗಳಲ್ಲಿ ಕೆಲಸ ಮಾಡಬೇಕಾದವರಿಗೆ ಇನ್ನೊಂದು ಮಾತು. ಹಲವು ಗ್ರೈಂಡರುಗಳ ಸ್ವಿಚ್ ಮುಂದಕ್ಕೆ ಸರಿಸಿದರೆ ಅಲ್ಲೇ ನಿಲ್ಲುತ್ತದೆ. ಕೆಲಸದ ನಡುವೆ ಕರೆಂಟು ಹೋದಾಗ ಯಂತ್ರವನ್ನು ಹಾಗೆಯೇ ಕೆಳಗಿಟ್ಟು ಚಹಾಕ್ಕೆ ಹೋದರೆ, ಕರೆಂಟು ಬಂದ ಕೂಡಲೇ ಅದು ನೆಲದ ಮೇಲೆ ತಾನಾಗಿ ಓಡತೊಡಗುತ್ತದೆ. ಕರೆಂಟು ಹೋದರೆ ಮೊದಲು ಸ್ವಿಚ್ ಹಿಂದಕ್ಕೆ, ಆಮೇಲೆ ಪ್ಲಗ್ ಹೊರಕ್ಕೆ.

ಡ್ರಿಲ್ಲಿನ ಬಗ್ಗೆ ಅವರು ಚುಟುಕಾಗಿ ಹೇಳುತ್ತಾರೆ. ಚಕ್ ಕೀಯನ್ನು ಚಕ್ಕಿನಲ್ಲೇ ಬಿಟ್ಟು ಸ್ವಿಚ್ ಒತ್ತಿದರೆ ಅದು ಯಾರ ಕಡೆಗಾದರೂ ಚಿಮ್ಮುತ್ತದೆ, ಆದ್ದರಿಂದ ಬಿಗಿದ ಕೈ ಕೀ ತೆಗೆಯುವ ತನಕ ಅದನ್ನು ಬಿಡಬಾರದು. ತಗಡನ್ನು ಬರಿಗೈಯಲ್ಲಿ ಹಿಡಿದು ತೂತು ಕೊರೆಯಬಾರದು. ಬಿಟ್ ಆಚೆ ಮುಖ ದಾಟುವ ಹೊತ್ತಿಗೆ ತಗಡನ್ನು ಕಚ್ಚಿ ತನ್ನ ಜೊತೆ ತಿರುಗಿಸುತ್ತದೆ. ಗ್ರೈಂಡರಿಗೆ ಚರ್ಮದ ಗ್ಲೌಸ್ ಬೇಕು, ಡ್ರಿಲ್ಲಿಗೆ ಗ್ಲೌಸ್ ಬೇಡವೇ ಬೇಡ, ಏಕೆಂದರೆ ತಿರುಗುವ ಬಿಟ್ಟಿಗೆ ಅದರ ತುದಿ ಸಿಕ್ಕರೆ ಬೆರಳೂ ಹೋಗುತ್ತದೆ. ಸುರುಳಿಯಾಗಿ ಬರುವ ಚೂರನ್ನು ಕೈಯಿಂದ ಎಳೆಯದೆ, ಯಂತ್ರ ನಿಲ್ಲಿಸಿ ಬ್ರಶ್ಶಿನಿಂದ ತೆಗೆಯಬೇಕು.

ಕೊನೆಯದಾಗಿ ಕಣ್ಣು. ಸಾಮಾನ್ಯ ಕನ್ನಡಕ ಸಾಲದು, ಪಕ್ಕವೂ ಮುಚ್ಚುವ ಗಾಗಲ್ಸ್ ಬೇಕು. ಗ್ರೈಂಡರಿನ ಕಿಡಿ ಕಣ್ಣಿಗೆ ಹೊಕ್ಕರೆ ಉಜ್ಜಬಾರದು, ಗೆಳೆಯನ ಕೈಗೆ ಬಟ್ಟೆ ತುದಿ ಕೊಟ್ಟು ತೆಗೆಸಲೂಬಾರದು. ಶುದ್ಧ ನೀರಿನಿಂದ ತೊಳೆದು ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಕಬ್ಬಿಣದ ಕಣ ಕಣ್ಣಿನ ಪಾರದರ್ಶಕ ಪೊರೆಯಲ್ಲಿ ನಾಟಿಕೊಂಡರೆ ಒಂದು ದಿನದೊಳಗೆ ಅದರ ಸುತ್ತ ತುಕ್ಕಿನ ಬಳೆ ಮೂಡಬಹುದು. ಆಮೇಲೆ ಕಣದ ಜೊತೆ ಆ ತುಕ್ಕನ್ನೂ ಕೆರೆದು ತೆಗೆಯಬೇಕಾಗುತ್ತದೆ.

ಭಾಷಣ ಮುಗಿದ ಮೇಲೆ ಹೊಸಬರ ಕೈಗೆ ಸಿಗುವುದು ಅರ ಮತ್ತು ಹ್ಯಾಕ್ಸಾ. ಗ್ರೈಂಡರ್ ಓಡಿಸುವ ಸರದಿ ಬರುವ ಮುಂಚೆ ಪ್ರತಿಯೊಬ್ಬರೂ ಪ್ಲಗ್ ಕಿತ್ತ ಯಂತ್ರಕ್ಕೆ ಒಂದು ದಪ್ಪ ವೀಲ್, ಒಂದು ತೆಳು ವೀಲ್ ಕೂರಿಸಿ ತೋರಿಸಬೇಕು. ತರಬೇತುದಾರರು ಆಗ ಗಮನಿಸುವುದು ಮೂರನ್ನು: ವೀಲಿನ ಮೇಲಿನ ಸಂಖ್ಯೆಯನ್ನು ಗಟ್ಟಿಯಾಗಿ ಓದಿದರೇ, ವೀಲ್ ಬದಲಾದಾಗ ನಟ್ಟಿನ ಮುಖ ತಿರುಗಿಸಿದರೇ, ಗಾರ್ಡನ್ನು ತಮ್ಮ ಮೈಕಡೆಗೆ ಹೊಂದಿಸಿದರೇ. ಒಂದು ತಪ್ಪಿದರೂ ಬಿಚ್ಚಿ ಮತ್ತೆ ಮೊದಲಿನಿಂದ ಕೂರಿಸಬೇಕು.