ತಾಳೆಯಾಗದ ಹದಿನೆಂಟು ದೂರುಗಳು

‘ಸಾರ್, ನಮ್ಮ ಬೀದಿ ಮೋರಿಗೆ ಮುಚ್ಚಳ ಇಲ್ಲ. ಮಕ್ಕಳು ಇದೇ ದಾರೀಲಿ ಶಾಲೆಗೆ ಹೋಗ್ತಾರೆ. ದಯವಿಟ್ಟು ನೋಡಿ.’

ಇದು ತುರ್ತು ದೂರೋ, ಸಾಮಾನ್ಯ ದೂರೋ? ದೂರು ವಿಭಾಗದಲ್ಲಿ ವರ್ಷಗಟ್ಟಲೆ ಕೂತವರು ಓದಿದ ಕೂಡಲೇ ತುರ್ತು ಎನ್ನುತ್ತಾರೆ. ಆದರೆ ಇಂಥ ದೂರು ಹತ್ತು ಸಾವಿರ ಇದ್ದರೆ ಎಲ್ಲವನ್ನೂ ಓದಿ ಗುರುತು ಹಾಕುವಷ್ಟು ಕೈಗಳಿರುವುದಿಲ್ಲ. ಆ ಕೆಲಸವನ್ನು ಚಾಟ್‌ಬಾಟ್‌ಗೆ ವಹಿಸುವ ರೂಢಿ ಈಗ ಬೆಳೆಯುತ್ತಿದೆ. ಅದು ಹಾಕಿದ ಗುರುತನ್ನು ಎಷ್ಟು ನಂಬಬಹುದು ಎಂಬುದೇ ಪ್ರಶ್ನೆ.

ಅಗ್ಗವೆಂಬುದರಲ್ಲಿ ಸಂದೇಹವಿಲ್ಲ. ಜ್ಯೂರಿಕ್ ವಿಶ್ವವಿದ್ಯಾಲಯದ ಫ್ಯಾಬ್ರಿಜಿಯೊ ಗಿಲಾರ್ಡಿ ಮತ್ತು ಸಂಗಡಿಗರು 2023ರಲ್ಲಿ ಟ್ವೀಟ್‌ಗಳಂಥ ಬರಹಗಳನ್ನು ಚಾಟ್‌ಜಿಪಿಟಿಯಿಂದ ವಿಂಗಡಿಸಿ ನೋಡಿದರು. ಆನ್‌ಲೈನ್‌ನಲ್ಲಿ ಬಿಡಿಗೂಲಿಗೆ ಈ ಕೆಲಸ ಮಾಡುವವರಿಗಿಂತ ಅದು ಹೆಚ್ಚಿನ ಬಗೆಯ ಕೆಲಸಗಳಲ್ಲಿ ಮೇಲುಗೈ ಸಾಧಿಸಿತು. ಒಂದು ಗುರುತಿಗೆ ತಗುಲಿದ ವೆಚ್ಚ ಅಮೆರಿಕದ ಒಂದು ಸೆಂಟ್‌ನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಇದನ್ನು ಅವರು ಹೇಳಲು ಸಾಧ್ಯವಾದದ್ದು ತರಬೇತಿ ಪಡೆದವರು ಮೊದಲೇ ಗುರುತು ಹಾಕಿಟ್ಟಿದ್ದ ಬರಹಗಳು ಎದುರಿಗಿದ್ದುದರಿಂದ. ತಾಳೆ ನೋಡಲು ಅಂಥದ್ದೊಂದು ಇಲ್ಲದಿದ್ದರೆ ಯಂತ್ರ ಕೊಟ್ಟದ್ದು ಸರಿಯೋ ತಪ್ಪೋ ಯಾರಿಗೂ ತಿಳಿಯುವುದಿಲ್ಲ.

ಒಂದು ಕಾಲ್ಪನಿಕ ನಗರಸಭೆಯ ಲೆಕ್ಕ ಹಾಕೋಣ. 10,000 ದೂರುಗಳಲ್ಲಿ ಚೀಟಿ ಎತ್ತಿದಂತೆ 300 ಆರಿಸಿ, ಅನುಭವಸ್ಥ ಸಿಬ್ಬಂದಿಯಿಂದ ಗುರುತು ಹಾಕಿಸುತ್ತಾರೆ. ಯಂತ್ರದ ಉತ್ತರವನ್ನು ಅವರಿಗೆ ತೋರಿಸುವುದಿಲ್ಲ. ತೋರಿಸಿದರೆ ಮನಸ್ಸು ಅದರ ಕಡೆಗೇ ವಾಲುತ್ತದೆ. ಸಿಬ್ಬಂದಿ 30 ದೂರುಗಳನ್ನು ತುರ್ತು ಎಂದರು. ಚಾಟ್‌ಬಾಟ್ 24ನ್ನು ತುರ್ತು ಎಂದಿತು. ಇಬ್ಬರೂ ತುರ್ತು ಎಂದದ್ದು 12, ಇಬ್ಬರೂ ಸಾಮಾನ್ಯ ಎಂದದ್ದು 258. ಅಂದರೆ 300ರಲ್ಲಿ 270 ತಾಳೆಯಾದವು. ನೂರಕ್ಕೆ 90!

ಇಲ್ಲಿಗೆ ಸಮಾಧಾನಪಟ್ಟುಕೊಂಡರೆ ಅನಾಹುತ. ಏನನ್ನೂ ಓದದೆ ಎಲ್ಲ ದೂರಿಗೂ ‘ಸಾಮಾನ್ಯ’ ಎಂದು ಮುದ್ರೆ ಒತ್ತಿದ್ದರೂ 270 ತಾಳೆಯಾಗುತ್ತಿತ್ತು, ಆಗಲೂ ನೂರಕ್ಕೆ 90.

ಈ ಮೋಸವನ್ನು ಹಿಡಿಯುವ ಅಳತೆಗೋಲನ್ನು ಮನಶ್ಶಾಸ್ತ್ರಜ್ಞ ಜೇಕಬ್ ಕೋಹೆನ್ 1960ರಲ್ಲೇ ಕೊಟ್ಟರು. ಅದರ ಹೆಸರು ಕಪ್ಪಾ. ಬರೀ ಕಾಕತಾಳೀಯವಾಗಿ ಎಷ್ಟು ತಾಳೆಯಾಗುತ್ತಿತ್ತು ಎಂಬುದನ್ನು ಅದು ಮೊದಲು ಕಳೆದುಬಿಡುತ್ತದೆ. ನಮ್ಮ ಲೆಕ್ಕದಲ್ಲಿ ಸಿಬ್ಬಂದಿ ನೂರಕ್ಕೆ 10, ಯಂತ್ರ ನೂರಕ್ಕೆ 8 ದೂರನ್ನು ತುರ್ತು ಎಂದಿವೆ. ಈ ಪ್ರಮಾಣದಲ್ಲಿ ಇಬ್ಬರೂ ಕಣ್ಣುಮುಚ್ಚಿ ಗುರುತು ಹಾಕಿದ್ದರೂ ನೂರಕ್ಕೆ 83.6 ತಾಳೆಯಾಗುತ್ತಿತ್ತು. ಅದರಾಚೆ ಗಳಿಸಲು ಉಳಿದದ್ದು 16.4, ಯಂತ್ರ ಗಳಿಸಿದ್ದು 6.4. ಭಾಗಿಸಿದರೆ ಕಪ್ಪಾ 0.39. ಪೂರ್ತಿ ತಾಳೆಯಾದರೆ ಅದು 1, ಓದದೆ ಮುದ್ರೆ ಒತ್ತಿದವನಿಗೆ ಸೊನ್ನೆ.

ಕಪ್ಪಾಗಿಂತಲೂ ಕಳವಳ ಹುಟ್ಟಿಸುವುದು ಇನ್ನೊಂದು ಸಂಖ್ಯೆ. ನಿಜವಾಗಿ ತುರ್ತಾಗಿದ್ದ 30ರಲ್ಲಿ ಯಂತ್ರ ಹಿಡಿದದ್ದು 12, ಬಿಟ್ಟದ್ದು 18. ಆ ಹದಿನೆಂಟನ್ನು ಒಂದೊಂದಾಗಿ ಓದುವುದೇ ಈ ಕೆಲಸದ ಜೀವಾಳ. ಮೋರಿಯ ದೂರಿನಂಥವು ಅಲ್ಲಿ ಸಿಗುತ್ತವೆ: ವಿನಯದ ಮಾತು, ‘ಅರ್ಜೆಂಟ್’ ಎಂಬ ಪದವಿಲ್ಲ, ಅಪಾಯ ಮಾತ್ರ ನಿಜ. ಯಂತ್ರ ತಪ್ಪಾಗಿ ತುರ್ತು ಎಂದ ಹನ್ನೆರಡರಲ್ಲಿ ಸಿಗುವುದು ಆಶ್ಚರ್ಯಸೂಚಕಗಳನ್ನು ಸಾಲಾಗಿ ಒತ್ತಿ, ತೆರಿಗೆ ರಸೀದಿ ಬಂದಿಲ್ಲವೆಂದು ಸಿಟ್ಟಾದವರ ದೂರು. ಹಾಗಾದರೆ ಯಂತ್ರ ಅಳೆದದ್ದು ಬರೆದವರ ದನಿಯನ್ನು, ಅಪಾಯವನ್ನಲ್ಲ. ಸೂಚನೆಯಲ್ಲಿ ‘ತುರ್ತು ದೂರುಗಳನ್ನು ಗುರುತಿಸು’ ಎಂದಷ್ಟೇ ಇದ್ದರೆ ಹೀಗಾಗುವುದು ಸಹಜ. ‘ತಡವಾದರೆ ಯಾರಿಗಾದರೂ ಗಾಯ ಅಥವಾ ಜೀವಾಪಾಯ ಆಗಬಹುದಾದರೆ ತುರ್ತು, ಬರೆದವರ ಸಿಟ್ಟನ್ನು ಲೆಕ್ಕಿಸಬೇಡ’ ಎಂದು ಬಿಡಿಸಿ ಬರೆದು, ಒಂದೆರಡು ಮಾದರಿ ದೂರುಗಳನ್ನೂ ಕೊಟ್ಟು ಮತ್ತೆ ಓಡಿಸಬೇಕು.

ಆದರೆ ಸುಧಾರಿಸಿತೇ ಎಂದು ಅದೇ 300ರ ಮೇಲೆ ನೋಡುವಂತಿಲ್ಲ. ಆ ತಪ್ಪುಗಳನ್ನು ನೋಡಿಯೇ ಸೂಚನೆ ತಿದ್ದಿದ್ದರಿಂದ ಅಲ್ಲಿ ಅಂಕ ಏರುವುದು ದೊಡ್ಡದಲ್ಲ. ಯಾರೂ ಮುಟ್ಟದ ಇನ್ನೊಂದು ಕಂತನ್ನು ಇದಕ್ಕೆಂದೇ ಎತ್ತಿಡಬೇಕು. ಅದರಲ್ಲಿ ತುರ್ತು ದೂರುಗಳು ಸಾಕಷ್ಟಿರಬೇಕು. ಮೂವತ್ತರಲ್ಲಿ ಹನ್ನೆರಡು ಎಂದರೆ ಮೇಲ್ನೋಟಕ್ಕೆ ನೂರಕ್ಕೆ 40, ಆದರೆ ಮಾದರಿ ಇಷ್ಟು ಚಿಕ್ಕದಾದಾಗ ನಿಜವಾದ ಪ್ರಮಾಣ 25ರಿಂದ 58ರ ನಡುವೆ ಎಲ್ಲಾದರೂ ಇರಬಹುದು.

ಮನುಷ್ಯರ ಗುರುತೂ ಪ್ರಶ್ನಾತೀತವಲ್ಲ. ಕನ್ನಡ-ಇಂಗ್ಲಿಷ್ ಬೆರೆತ ಯೂಟ್ಯೂಬ್ ಪ್ರತಿಕ್ರಿಯೆಗಳ ‘ಕನ್‌ಸಿಎಂಡಿ’ ಎಂಬ ದತ್ತಾಂಶ ಸಂಗ್ರಹ 2020ರಲ್ಲಿ ಬಂತು. ಅದರಲ್ಲಿ ಒಬ್ಬರ ಮಾತಿಗೇ ಬಿಡದೆ ಹಲವರಿಂದ ಗುರುತು ಹಾಕಿಸಿ, ಅವರವರಲ್ಲೇ ಎಷ್ಟು ತಾಳೆಯಿದೆ ಎಂದು ಅಳೆದಿದ್ದಾರೆ. ನಗರಸಭೆಯ ಇಬ್ಬರು ಸಿಬ್ಬಂದಿ ಬೇರೆ ಬೇರೆ ಕೂತು ಗುರುತು ಹಾಕಿದಾಗ ಅವರಿಬ್ಬರ ನಡುವೆಯೇ ಕಪ್ಪಾ 0.5 ಬಂದರೆ, ಮೊದಲು ತಿದ್ದಬೇಕಾದದ್ದು ‘ತುರ್ತು’ ಎಂಬುದರ ವ್ಯಾಖ್ಯೆಯನ್ನು. ಬೀದಿದೀಪ ಕೆಟ್ಟರೆ ತುರ್ತೇ? ಆ ಇಬ್ಬರು ಒಟ್ಟಿಗೆ ಕೂತು ಇದನ್ನು ತೀರ್ಮಾನಿಸಿದ ಮೇಲಷ್ಟೇ ಚಾಟ್‌ಬಾಟ್‌ಗೆ ಸೂಚನೆ ಬರೆಯಲು ಕೂರಬಹುದು.