ಸಂಬಳ ಚೀಟಿಯಲ್ಲಿ ಕಾಣದ ನಾಲ್ಕು ಗಂಟೆ: ಕಾರ್ಖಾನೆಯೊಳಗೆ ಅಹವಾಲು ಸಾಗುವ ಬಗೆ

ಒಬ್ಬ ಕಾರ್ಮಿಕನಿಗೆ ತನ್ನ ಕೆಲಸ, ಕೂಲಿ, ರಜೆ, ಶಿಫ್ಟ್ ಅಥವಾ ಬಡ್ತಿಯ ವಿಷಯದಲ್ಲಿ ಅನ್ಯಾಯವಾಗಿದೆ ಎನಿಸಿದರೆ ಅದು ವೈಯಕ್ತಿಕ ಕುಂದುಕೊರತೆ. ಎಲ್ಲರ ಸಂಬಳ ಏರಬೇಕು, ಬೋನಸ್ ಹೆಚ್ಚಬೇಕು ಎಂಬ ಬೇಡಿಕೆಗಳು ಇದರಲ್ಲಿ ಸೇರುವುದಿಲ್ಲ. ಅವನ್ನು ಕಾರ್ಮಿಕ ಸಂಘ ಆಡಳಿತದ ಜೊತೆ ಮಾತಾಡಿ ಬಗೆಹರಿಸಿಕೊಳ್ಳುತ್ತದೆ. ಒಬ್ಬನ ಅಹವಾಲಿಗೆ ಬೇರೆಯೇ ದಾರಿ ಬೇಕು, ಏಕೆಂದರೆ ನೂರಾರು ಜನರ ನಡುವೆ ಒಬ್ಬನ ಏಳುನೂರು ರೂಪಾಯಿಯ ಲೆಕ್ಕ ತಪ್ಪಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಭಾರತದಲ್ಲಿ ಈ ದಾರಿಯ ಮೊದಲ ನಕಾಶೆ ಸಿದ್ಧವಾದದ್ದು 1958ರಲ್ಲಿ, ಕೈಗಾರಿಕಾ ಶಿಸ್ತು ಸಂಹಿತೆಯ ಜೊತೆಗೆ ಬಂದ ಮಾದರಿ ಕಾರ್ಯವಿಧಾನದ ರೂಪದಲ್ಲಿ. ಅದು ಕಾನೂನಲ್ಲ, ಮಾಲೀಕರು ಮತ್ತು ಸಂಘಗಳು ಒಪ್ಪಿಕೊಂಡ ಏರ್ಪಾಡು. ಮೆಟ್ಟಿಲುಗಳು ಮತ್ತು ಗಡುವುಗಳು ಅದರಲ್ಲಿ ಸ್ಪಷ್ಟವಾಗಿರುವುದರಿಂದ ಇಂದಿಗೂ ಅನೇಕ ಕಾರ್ಖಾನೆಗಳು ಅದನ್ನೇ ಆಧಾರವಾಗಿ ಇಟ್ಟುಕೊಂಡಿವೆ. ಕಾನೂನಿನ ಒತ್ತು ಬಂದದ್ದು ತಡವಾಗಿ. 2010ರ ತಿದ್ದುಪಡಿ ಕೈಗಾರಿಕಾ ವಿವಾದಗಳ ಕಾಯ್ದೆಗೆ ಕುಂದುಕೊರತೆ ನಿವಾರಣಾ ಸಮಿತಿಯನ್ನು ಸೇರಿಸಿತು. ಈಗ 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯ 4ನೇ ಕಲಂ ಆ ಜಾಗಕ್ಕೆ ಬಂದಿದೆ. 20 ಅಥವಾ ಹೆಚ್ಚು ಕಾರ್ಮಿಕರಿರುವ ಪ್ರತಿ ಸಂಸ್ಥೆಯಲ್ಲೂ ಸಮಿತಿ ಇರಲೇಬೇಕು. ಸಂಹಿತೆಯ ಸ್ಥಾಯಿ ಆದೇಶಗಳ ಅಧ್ಯಾಯ 300 ಕಾರ್ಮಿಕರಿಂದ ಮಾತ್ರ ಅನ್ವಯಿಸುತ್ತದೆ. ಹೀಗಾಗಿ ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ನಿಯಮಗಳ ದೊಡ್ಡ ಪುಸ್ತಕ ಇಲ್ಲದಿದ್ದರೂ ಅಹವಾಲು ಕೇಳುವ ಸಮಿತಿಯಿಂದ ವಿನಾಯಿತಿ ಇಲ್ಲ.

ಕ್ರಮ ಹೇಗೆ ನಡೆಯಬೇಕು ಎಂಬುದನ್ನು ಒಂದು ಕಲ್ಪಿತ ಪ್ರಕರಣದಲ್ಲಿ ನೋಡಬಹುದು. ಬೆಂಗಳೂರಿನ ಪೀಣ್ಯದಲ್ಲಿ 240 ಕಾರ್ಮಿಕರಿರುವ, ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆ. ಅಲ್ಲಿಯ ಒಬ್ಬ ಸಿಎನ್‌ಸಿ ಆಪರೇಟರ್ ಜೂನ್ 14ರಂದು ಎರಡನೇ ಶಿಫ್ಟಿನಲ್ಲಿದ್ದ. ರಾತ್ರಿ ಹತ್ತಕ್ಕೆ ಬರಬೇಕಾದ ರಿಲೀವರ್ ಬರಲಿಲ್ಲ. ಸೂಪರ್‌ವೈಸರ್ ಹೇಳಿದ್ದರಿಂದ ಅವನು ಬೆಳಗಿನ ಜಾವ ಎರಡರವರೆಗೆ ಮಷಿನ್ ನಡೆಸಿದ. ಆ ತಿಂಗಳು ಅವನು ಮಾಡಿದ ಓ.ಟಿ. ಒಟ್ಟು 12 ಗಂಟೆ, ಜುಲೈ 7ರ ಸಂಬಳ ಚೀಟಿಯಲ್ಲಿ ಇದ್ದದ್ದು 8 ಗಂಟೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ಅವನ ತಿಂಗಳ ಸಂಬಳ 18,200 ರೂಪಾಯಿ. 26 ದಿನ, ದಿನಕ್ಕೆ 8 ಗಂಟೆಯಂತೆ ಭಾಗಿಸಿದರೆ ಗಂಟೆಗೆ 87.50. ಓ.ಟಿ.ಗೆ ಇಮ್ಮಡಿ ದರ, ಅಂದರೆ 175. ನಾಲ್ಕು ಗಂಟೆಗೆ ಬರಬೇಕಾದದ್ದು 700 ರೂಪಾಯಿ.

ಮೊದಲ ಮೆಟ್ಟಿಲು ಸೂಪರ್‌ವೈಸರ್, ಅಥವಾ ಇದಕ್ಕೆಂದೇ ಗೊತ್ತುಮಾಡಿದ ಅಧಿಕಾರಿ. 1958ರ ಮಾದರಿಯಂತೆ 48 ಗಂಟೆಯೊಳಗೆ ಉತ್ತರ ಕೊಡಬೇಕು. ಬಹಳಷ್ಟು ಅಹವಾಲುಗಳು ಇಲ್ಲೇ ಮುಗಿಯುತ್ತವೆ, ಬಹಳಷ್ಟು ಇಲ್ಲೇ ಹೂತುಹೋಗುವುದೂ ಉಂಟು. “ನೋಡೋಣ ಬಿಡಪ್ಪ, ಮುಂದಿನ ತಿಂಗಳು ಹಾಕಿಸ್ತೀನಿ” ಎಂಬ ಮಾತು ಉತ್ತರದಂತೆ ಕೇಳಿಸುತ್ತದೆ, ಆದರೆ ಅದಕ್ಕೆ ತಾರೀಖಿಲ್ಲ, ಸಹಿ ಇಲ್ಲ. ಆದ್ದರಿಂದ ಒಳ್ಳೆಯ ಕಾರ್ಯವಿಧಾನದಲ್ಲಿ ಮೊದಲ ಮೆಟ್ಟಿಲಲ್ಲೇ ಎರಡು ಪ್ರತಿಯ ಅರ್ಧ ಪುಟದ ಫಾರಂ ಇರುತ್ತದೆ. ಒಂದು ಪ್ರತಿಯ ಮೇಲೆ ತಾರೀಖು ಬರೆದು, ಸಹಿ ಹಾಕಿ ಕಾರ್ಮಿಕನಿಗೆ ಹಿಂತಿರುಗಿಸಬೇಕು. ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ಮುಖ್ಯವಾದ ಕಾಗದ ಇನ್ನೊಂದಿಲ್ಲ. ಮುಂದಿನ ಗಡುವುಗಳೆಲ್ಲ ಒಂದಲ್ಲ ಒಂದು ಸ್ವೀಕೃತಿಯ ತಾರೀಖಿನಿಂದಲೇ ಎಣಿಕೆಯಾಗುತ್ತವೆ, ಅದಿಲ್ಲದ ಕಡೆ ಗಡುವಿಗೆ ಅರ್ಥವೇ ಇರುವುದಿಲ್ಲ.

ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಎರಡನೇ ಮೆಟ್ಟಿಲು ವಿಭಾಗದ ಮುಖ್ಯಸ್ಥರು. ಅವರಿಗೆ ಮೂರು ದಿನ. ಪೀಣ್ಯದ ಪ್ರಕರಣದಲ್ಲಿ ಜುಲೈ 8ರಂದು ಕೊಟ್ಟ ಫಾರಂಗೆ 10ರವರೆಗೂ ಲಿಖಿತ ಉತ್ತರ ಬರಲಿಲ್ಲ. ಅಂದೇ ಅದು ಮುಖ್ಯಸ್ಥರ ಕೈ ಸೇರಿತು. 13ರಂದು ಅವರು ಬರೆದದ್ದು ಒಂದೇ ಸಾಲು: ಹಾಜರಾತಿ ವ್ಯವಸ್ಥೆಯಲ್ಲಿ ಹೆಚ್ಚುವರಿ ಗಂಟೆ ದಾಖಲಾಗಿಲ್ಲ. ನಿರಾಕರಣೆಯಾದರೂ ಇದು ಕೆಲಸಕ್ಕೆ ಬರುವ ಉತ್ತರ, ಏಕೆಂದರೆ ಕಾರಣ ಹೇಳಿದೆ. ಆ ಕಾರಣ ನಿಜವೇ ಎಂದು ಇನ್ನು ಪರೀಕ್ಷಿಸಬಹುದು.

ಈ ಎರಡು ಮೆಟ್ಟಿಲು ಕಾರ್ಖಾನೆ ತನ್ನ ಅನುಕೂಲಕ್ಕೆ ಮಾಡಿಕೊಂಡವು. ಸಂಹಿತೆ ಹೇಳುವುದು ಸಮಿತಿಯಿಂದ ಮುಂದಿನ ಮಾತು. ನೊಂದ ಕಾರ್ಮಿಕ ಯಾರೇ ಆದರೂ, ಕಾರಣ ಹುಟ್ಟಿದ ದಿನದಿಂದ ಒಂದು ವರ್ಷದೊಳಗೆ ಸಮಿತಿಗೆ ಅರ್ಜಿ ಕೊಡಬಹುದು. ಕೆಳಗಿನ ಮೆಟ್ಟಿಲಲ್ಲಿ ಉತ್ತರ ತಡವಾದರೂ ಈ ಒಂದು ವರ್ಷ ಓಡುತ್ತಲೇ ಇರುತ್ತದೆ. ಆದ್ದರಿಂದ ಗಡುವಿನೊಳಗೆ ಉತ್ತರ ಬಾರದಿದ್ದರೆ ಅಹವಾಲು ತಾನಾಗಿಯೇ ಮೇಲಿನ ಮೆಟ್ಟಿಲಿಗೆ ಹೋಗುತ್ತದೆ ಎಂದು ಕಾರ್ಯವಿಧಾನದಲ್ಲಿ ಬರೆದಿರಬೇಕು.

ಸಮಿತಿಯಲ್ಲಿ ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರಬೇಕು, ಒಟ್ಟು ಹತ್ತನ್ನು ಮೀರಬಾರದು. ಅಧ್ಯಕ್ಷತೆ ವರ್ಷಕ್ಕೊಮ್ಮೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ. ಮಹಿಳೆಯರ ಪ್ರಾತಿನಿಧ್ಯ ಕಾರ್ಖಾನೆಯಲ್ಲಿರುವ ಅವರ ಅನುಪಾತಕ್ಕಿಂತ ಕಡಿಮೆಯಾಗುವಂತಿಲ್ಲ. 240 ಜನರಲ್ಲಿ 60 ಮಹಿಳೆಯರಿದ್ದರೆ ಆರು ಜನರ ಸಮಿತಿಯಲ್ಲಿ ಒಂದೂವರೆ ಸ್ಥಾನವಾಗುತ್ತದೆ, ಅಂದರೆ ಇಬ್ಬರು ಬೇಕು. ಎಚ್.ಆರ್. ವಿಭಾಗ ತಾನೇ ಹೆಸರು ಬರೆದು ಕಾರ್ಮಿಕ ಪ್ರತಿನಿಧಿಗಳೆಂದು ತೋರಿಸಿದ ಸಮಿತಿಯನ್ನು ಶಾಪ್ ಫ್ಲೋರಿನಲ್ಲಿ ಯಾರೂ ನಂಬುವುದಿಲ್ಲ. ಅಂಥ ಕಡೆ ಅಹವಾಲು ಪುಸ್ತಕ ವರ್ಷಗಟ್ಟಲೆ ಖಾಲಿ ಬಿದ್ದಿರುತ್ತದೆ. ಖಾಲಿ ಪುಸ್ತಕವನ್ನು ನೆಮ್ಮದಿಯ ಗುರುತೆಂದು ಓದುವ ಆಡಳಿತ ಮೋಸಹೋಗುತ್ತದೆ.

ಆಪರೇಟರ್ ಜುಲೈ 14ರಂದು ಸಮಿತಿಗೆ ಅರ್ಜಿ ಕೊಟ್ಟ. ಸಂಹಿತೆಯಂತೆ ಸಮಿತಿಗೆ 30 ದಿನ, ಅಂದರೆ ಆಗಸ್ಟ್ 13ರವರೆಗೆ ಸಮಯವಿದೆ. ಮಾದರಿ ಕಾರ್ಯವಿಧಾನ ಕೊಡುವುದು ಏಳೇ ದಿನ. ಲೆಕ್ಕದ ತಕರಾರಿಗೆ ಏಳು ದಿನ ಸಾಕಾಗುತ್ತದೆ. 20ರಂದು ಸಭೆ ಸೇರಿದ ಸಮಿತಿ ಮೂರು ದಾಖಲೆ ತರಿಸಿತು: ಮಷಿನ್ನಿನ ಉತ್ಪಾದನಾ ಹಾಳೆ, ರಿಲೀವರ್‌ನ ಗೈರುಹಾಜರಿ, ಗೇಟಿನ ವಾಚ್‌ಮನ್ ಪುಸ್ತಕ. ಉತ್ಪಾದನಾ ಹಾಳೆಯಲ್ಲಿ ರಾತ್ರಿ ಹತ್ತರಿಂದ ಎರಡರವರೆಗಿನ ಎಣಿಕೆ ಇತ್ತು. ಗೇಟ್ ಪುಸ್ತಕದಲ್ಲಿ ಅವನು ಹೊರಗೆ ಹೋದದ್ದು 2.10ಕ್ಕೆ. ಪಂಚ್ ಯಂತ್ರದಲ್ಲೂ 2.05ರ ಗುರುತಿತ್ತು, ಆದರೆ ನಡುರಾತ್ರಿ ದಾಟಿದ್ದರಿಂದ ಸಾಫ್ಟ್‌ವೇರ್ ಅದನ್ನು 15ನೇ ತಾರೀಖಿನ ಒಳಬರುವ ಪಂಚ್ ಎಂದು ಓದಿತ್ತು. 14ಕ್ಕೆ ಹೊರಹೋದ ಪಂಚ್ ಇಲ್ಲವೆಂದು ಯಾರೋ ಎಂದಿನ ಎಂಟು ಗಂಟೆ ತುಂಬಿಸಿದ್ದರು. ವಿಭಾಗದ ಮುಖ್ಯಸ್ಥರು ಸುಳ್ಳು ಹೇಳಿರಲಿಲ್ಲ, ಅವರು ನೋಡಿದ ಪರದೆಯೇ ತಪ್ಪಿತ್ತು.

ಸಮಿತಿಯ ತೀರ್ಮಾನ ಬಹುಮತದಿಂದ ಆಗುತ್ತದೆ. ಆದರೆ ಒಂದು ಷರತ್ತಿದೆ: ಕಾರ್ಮಿಕ ಪ್ರತಿನಿಧಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಿರಬೇಕು, ಇಲ್ಲವಾದರೆ ತೀರ್ಮಾನವೇ ಆಗಿಲ್ಲ ಎಂದು ಭಾವಿಸಲಾಗುತ್ತದೆ. ಆರು ಜನರಲ್ಲಿ ಆಡಳಿತದ ಮೂವರೂ ಒಬ್ಬ ಕಾರ್ಮಿಕ ಪ್ರತಿನಿಧಿಯೂ ಸೇರಿ ಅರ್ಜಿಯನ್ನು ತಳ್ಳಿಹಾಕಿದರೆ ನಾಲ್ಕಕ್ಕೆ ಎರಡರ ಬಹುಮತವಿದ್ದರೂ ಅದು ನಿಲ್ಲುವುದಿಲ್ಲ, ಏಕೆಂದರೆ ಮೂವರು ಕಾರ್ಮಿಕ ಪ್ರತಿನಿಧಿಗಳಲ್ಲಿ ಒಪ್ಪಿದವನು ಒಬ್ಬನೇ. ಅದೇ ಮೂವರು ಕಾರ್ಮಿಕ ಪ್ರತಿನಿಧಿಗಳ ಜೊತೆ ಆಡಳಿತದ ಒಬ್ಬರು ಸೇರಿದರೆ ತೀರ್ಮಾನ ಸಿಂಧು. ಒಬ್ಬ ಪ್ರತಿನಿಧಿಯನ್ನು ಒಲಿಸಿಕೊಂಡು ಅಹವಾಲು ಮುಚ್ಚಿಹಾಕುವ ಹಳೆಯ ಉಪಾಯಕ್ಕೆ ಈ ಷರತ್ತು ತಡೆ ಒಡ್ಡಿದೆ.

ಪೀಣ್ಯದ ಸಮಿತಿ ಒಮ್ಮತದಿಂದ 700 ರೂಪಾಯಿ ಕೊಡಬೇಕೆಂದಿತು. ಮಾದರಿಯಂತೆ ಆಡಳಿತ ಮೂರು ದಿನದಲ್ಲಿ ತನ್ನ ನಿರ್ಧಾರ ತಿಳಿಸಬೇಕು. ಹಣ ಬಂದದ್ದೇ ಮುಗಿಯಿತು ಎನ್ನುವಂತಿರಲಿಲ್ಲ. ನಡುರಾತ್ರಿ ದಾಟಿದ ಪಂಚ್ ಎಷ್ಟು ಜನರದ್ದು ತಪ್ಪಾಗಿದೆ ಎಂಬ ಪ್ರಶ್ನೆ ಉಳಿಯಿತು. ಅದು ಒಬ್ಬನ ಅಹವಾಲಲ್ಲದ ಕಾರಣ, 100 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಇರಬಹುದಾದ ಕಾರ್ಯ ಸಮಿತಿಗೆ ಹೋಗಬೇಕಾದ ವಿಷಯ.

ತೀರ್ಮಾನ ಒಪ್ಪಿಗೆಯಾಗದಿದ್ದರೆ ಏನು? 2010ರ ತಿದ್ದುಪಡಿಯಲ್ಲಿ ಮಾಲೀಕರಿಗೇ ಮೇಲ್ಮನವಿ ಸಲ್ಲಿಸುವ ಹಕ್ಕಿತ್ತು, ಅವರು ಒಂದು ತಿಂಗಳಲ್ಲಿ ತೀರ್ಮಾನಿಸಬೇಕಿತ್ತು. ಈಗಿನ 4ನೇ ಕಲಮಿನಲ್ಲಿ ಆ ಮೆಟ್ಟಿಲಿಲ್ಲ. ಕಾರ್ಖಾನೆ ತನ್ನ ನಿಯಮದಲ್ಲಿ ಪ್ಲಾಂಟ್ ಮುಖ್ಯಸ್ಥರಿಗೆ ಮರುಪರಿಶೀಲನೆಯ ಅರ್ಜಿಗೆ ಅವಕಾಶ ಇಡಬಹುದು, ಮಾದರಿಯಂತೆ ಅದಕ್ಕೆ ಒಂದು ವಾರ. ಆದರೆ ಇಲ್ಲೊಂದು ಅಪಾಯವಿದೆ. ತೀರ್ಮಾನವಾದ ದಿನದಿಂದ, ತೀರ್ಮಾನವೇ ಆಗದಿದ್ದರೆ 30 ದಿನ ಮುಗಿದ ದಿನದಿಂದ, 60 ದಿನದೊಳಗೆ ಸಂಧಾನ ಅಧಿಕಾರಿಗೆ ಅರ್ಜಿ ಹೋಗಬೇಕು. ಪೀಣ್ಯದ ಸಮಿತಿ ಬಾಯಿ ಬಿಡದೇ ಕೂತಿದ್ದರೆ ಈ ಕೊನೆಯ ದಿನ ಅಕ್ಟೋಬರ್ 12 ಆಗುತ್ತಿತ್ತು. ಪ್ಲಾಂಟ್ ಮುಖ್ಯಸ್ಥರು ನೋಡುತ್ತಿದ್ದಾರೆ ಎಂದು ಕಾಯುತ್ತ ಕೂತವನಿಗೆ ಆ ದಿನಗಳನ್ನು ಯಾರೂ ಹಿಂದಕ್ಕೆ ಕೊಡುವುದಿಲ್ಲ. ಮರುಪರಿಶೀಲನೆಯ ಸೂಚನಾ ಪತ್ರದಲ್ಲೇ ಆ 60ನೇ ದಿನದ ತಾರೀಖನ್ನು ಬರೆಯುವುದು ಪ್ರಾಮಾಣಿಕ ಆಡಳಿತದ ಕೆಲಸ.

ಸಂಧಾನದಲ್ಲೂ ಬಗೆಹರಿಯದಿದ್ದರೆ ಅಧಿಕಾರಿಯ ವರದಿ ಕೈಸೇರಿದ 90 ದಿನದೊಳಗೆ ಕೈಗಾರಿಕಾ ನ್ಯಾಯಮಂಡಳಿಗೆ ನೇರವಾಗಿ ಹೋಗಬಹುದು. ಸರ್ಕಾರ ವಿವಾದವನ್ನು ಒಪ್ಪಿಸುವವರೆಗೆ ಕಾಯಬೇಕಿದ್ದ ಕಾಲ ಹೋಯಿತು. ಆದರೆ ಸಂಧಾನದ ಅರ್ಜಿ ಕಾರ್ಮಿಕ ಸದಸ್ಯನಾಗಿರುವ ಸಂಘದ ಮೂಲಕ ಹೋಗಬೇಕೆಂದು ಕಾನೂನು ಹೇಳುತ್ತದೆ. ಸಂಘವೇ ಇಲ್ಲದ ಮಧ್ಯಮ ಕಾರ್ಖಾನೆಗಳಲ್ಲಿ ಇದು ನಿಜವಾದ ತೊಡಕು. ಹಣದ ಬಾಕಿಗಾದರೆ ಇನ್ನೊಂದು ಬಾಗಿಲಿದೆ: ವೇತನ ಸಂಹಿತೆಯಡಿ ನೇಮಕವಾದ ಪ್ರಾಧಿಕಾರಕ್ಕೆ ಕಾರ್ಮಿಕ ತಾನೇ ಮೂರು ವರ್ಷದೊಳಗೆ ಕ್ಲೇಮ್ ಹಾಕಬಹುದು. ಶಿಫ್ಟ್ ಬದಲಾವಣೆ ಅಥವಾ ರಜೆ ನಿರಾಕರಣೆಯಂಥ, ಹಣದಲ್ಲಿ ಅಳೆಯಲಾಗದ ಅಹವಾಲುಗಳಿಗೆ ಆ ಬಾಗಿಲಿಲ್ಲ.

ಕೆಲವು ದೂರುಗಳನ್ನು ಈ ಮೆಟ್ಟಿಲುಗಳ ಮೇಲೆ ಹತ್ತಿಸಲೇಬಾರದು. ಲೈಂಗಿಕ ಕಿರುಕುಳದ ದೂರು 2013ರ ಕಾಯ್ದೆಯಂತೆ ಆಂತರಿಕ ಸಮಿತಿಗೆ, ಮೂರು ತಿಂಗಳೊಳಗೆ ಹೋಗಬೇಕು. ಅದನ್ನು ಮೊದಲು ಸೂಪರ್‌ವೈಸರ್‌ಗೆ ಹೇಳು ಎನ್ನುವುದು ಕಾನೂನಿಗೂ ವಿರುದ್ಧ, ಮನುಷ್ಯತ್ವಕ್ಕೂ ವಿರುದ್ಧ. ಕೆಲಸದಿಂದ ವಜಾ ಆದವನ ದಾರಿಯೂ ಬೇರೆ. 1958ರ ಮಾದರಿ ಅದನ್ನು ಸಾಮಾನ್ಯ ಮೆಟ್ಟಿಲುಗಳಿಂದ ಹೊರಗಿಟ್ಟು, ವಜಾ ಮಾಡಿದ ಅಧಿಕಾರಿಗೆ ಅಥವಾ ಅವರಿಗಿಂತ ಮೇಲಿನವರಿಗೆ ಒಂದು ವಾರದೊಳಗೆ ಮನವಿ ಕೊಡಲು ಹೇಳಿತ್ತು. ಸಂಹಿತೆ ಒಬ್ಬ ಕಾರ್ಮಿಕನ ವಜಾವನ್ನೇ ಕೈಗಾರಿಕಾ ವಿವಾದವೆಂದು ಪರಿಗಣಿಸುತ್ತದೆ, ಬೆನ್ನಿಗೆ ಸಂಘ ನಿಲ್ಲದಿದ್ದರೂ ಸರಿ. ಸಂಧಾನ ಅಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಳೆದ ಮೇಲೆ ಅವನು ತಾನೇ ನ್ಯಾಯಮಂಡಳಿಯ ಮೆಟ್ಟಿಲೇರಬಹುದು, ವಜಾ ಆದ ದಿನದಿಂದ ಎರಡು ವರ್ಷ ಮೀರಿರಬಾರದು ಅಷ್ಟೆ.